ಹೊಸ ಗಿರಾಕಿಗೆ ಉದ್ರಿ ಕೊಡುವಾಗ ಮುಂದಿನ ತಾರೀಖಿನ ಚೆಕ್ ಕೇಳುವುದು ಹೇಗೆ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್, ಕೇಬಲ್, ಸ್ಟಾರ್ಟರ್ ಹೋಲ್‌ಸೇಲ್ ಅಂಗಡಿ. ಶಿಗ್ಗಾವಿ ಕಡೆಯ ಹೊಸ ಅಂಗಡಿಯವರೊಬ್ಬರು ಮೂರು ಲಕ್ಷದ ಮಾಲು ಕೇಳಿದ್ದಾರೆ. ಅರವತ್ತು ದಿನ ಉದ್ರಿ ಬೇಕಂತೆ. ನಮ್ಮ ಹಳೇ ಗಿರಾಕಿಯೊಬ್ಬರ ಪರಿಚಯದ ಮೇಲೆ ಬಂದವರು. ಮುಂದಿನ ತಾರೀಖಿನ ಚೆಕ್ ತಗೊಂಡು ಮಾಲು ಕೊಡೋಣ ಅಂತ ನನ್ನ ವಿಚಾರ. ನಮ್ಮ ತಂದೆ ಮಾತ್ರ, "ಚೆಕ್ ಕೇಳಿದ್ರ ಮನಸ್ಸಿಗೆ ಹಚ್ಕೋತಾರ, ಬ್ಯಾಡ" ಅಂತಾರೆ. ಬೇಸರ ಆಗದ ಹಾಗೆ ಹೇಗೆ ಕೇಳಬೇಕು? ಎಷ್ಟು ಚೆಕ್ ತಗೋಬೇಕು, ಯಾವ ತಾರೀಖು ಹಾಕಿಸಬೇಕು?

ಉತ್ತರ: ನಿಮ್ಮ ತಂದೆಯವರ ಅಂಜಿಕೆ ಸುಳ್ಳಲ್ಲ. ಆದರೆ ಗಿರಾಕಿಗೆ ಬೇಸರ ಆಗುವುದು ಚೆಕ್ ಕೇಳಿದ್ದಕ್ಕಿಂತ ಜಾಸ್ತಿ, ತಪ್ಪು ಹೊತ್ತಿನಲ್ಲಿ ಕೇಳಿದ್ದಕ್ಕೆ. ಮಾಲು ಟೆಂಪೋಗೆ ಏರಿದೆ, ಬಿಲ್ ಹರಿದಾಗಿದೆ, ಅವರು ಚಹಾ ಕುಡಿದು ಎದ್ದು ನಿಂತಿದ್ದಾರೆ. ಆಗ ನೀವು "ಅಂದಂಗ, ಎರಡು ಚೆಕ್ ಕೊಟ್ಟು ಹೋಗ್ರಿ" ಅಂದರೆ ಯಾರಿಗಾದರೂ ಮುಖ ಸಣ್ಣದಾಗುತ್ತದೆ. ಇಷ್ಟು ಹೊತ್ತು ಇಲ್ಲದ ಅನುಮಾನ ಈಗ ಯಾಕೆ ಬಂತು ಅಂತ ಅವರಿಗೆ ಅನಿಸುತ್ತದೆ. ಅದೇ ಮಾತನ್ನು ರೇಟು ಮಾತಾಡುವ ಹೊತ್ತಿಗೇ, ಉದ್ರಿ ಎಷ್ಟು ದಿನ ಅನ್ನುವ ಮಾತಿನ ಜೊತೆಗೇ ಹೇಳಿದರೆ, ಅದು ರೇಟು, ಡಿಸ್ಕೌಂಟು, ಸಾಗಾಣಿಕೆ ಖರ್ಚಿನ ಹಾಗೆ ಒಂದು ಷರತ್ತಾಗಿ ಹೋಗುತ್ತದೆ. ಆದ್ದರಿಂದ ಮೊದಲನೇ ನಿಯಮ, ಅರವತ್ತು ದಿನ ಅನ್ನುವ ಮಾತು ಮತ್ತು ಚೆಕ್ ಅನ್ನುವ ಮಾತು ಒಂದೇ ಉಸಿರಿನಲ್ಲಿ ಬರಲಿ.

ಇನ್ನೊಂದು ವಿಷಯವನ್ನು ಹೋಲ್‌ಸೇಲ್‌ನವರು ಅಷ್ಟಾಗಿ ಯೋಚಿಸುವುದಿಲ್ಲ. ಚೆಕ್ ಬರೆದು ಕೊಡುವವರಿಗೆ ನಿಜವಾದ ಹೆದರಿಕೆ ಬೇರೆಯೇ ಇರುತ್ತದೆ. ಇವರು ತಾರೀಖಿಗೆ ಮುಂಚೆ ಹಾಕಿಬಿಟ್ಟರೆ? ದುಡ್ಡು ಕೊಟ್ಟ ಮೇಲೂ ಚೆಕ್ ವಾಪಸ್ ಕೊಡದಿದ್ದರೆ? ಖಾಲಿ ಚೆಕ್ ತಗೊಂಡು ಎಷ್ಟೋ ಬರೆದುಕೊಂಡರೆ? ಒಂದು ಸಾರಿ ಎಲ್ಲೋ ಸುಟ್ಟುಕೊಂಡವರಿಗೆ ಇದು ದೊಡ್ಡ ಚಿಂತೆ. ಹಾಗಾಗಿ ನಿಮ್ಮ ವಿನಯ "ದಯವಿಟ್ಟು", "ಕೃಪೆ ಮಾಡಿ" ಅನ್ನುವ ಮಾತಿನಲ್ಲಿದ್ದರೆ ಸಾಲದು. ಆ ಚೆಕ್ಕನ್ನು ನೀವು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳಿಬಿಡಿ. ಅಲ್ಲಿಗೆ ಅರ್ಧ ಬೇಸರ ಹೋಗುತ್ತದೆ.

ಮಾತಿನಲ್ಲಿ ಹೇಗೆ ಕೇಳಬೇಕು

ಅವರು ಅಂಗಡಿಗೆ ಬಂದಿದ್ದಾರೆ, ಮಾಲಿನ ಪಟ್ಟಿ ಮುಂದಿದೆ ಅಂದುಕೊಳ್ಳಿ. ನಮ್ಮ ಕಡೆ ಮಾತಿನಲ್ಲಿ ಹೀಗೆ ಹೇಳಬಹುದು:

"ಅಣ್ಣಾರ, ಅರವತ್ತು ದಿನ ಉದ್ರಿಗೆ ನಮ್ಮದೇನೂ ತಕರಾರಿಲ್ರಿ. ಹೊಸ ಖಾತೆ ತಗೀಬೇಕಾದ್ರ ನಮ್ಮಲ್ಲಿ ಎಲ್ಲಾರಿಗೂ ಒಂದ ಪದ್ಧತಿ ಐತಿ. ಬಿಲ್ಲಿನ ಐದನೇ ಒಂದು ಪಾಲು ಮುಂಗಡ, ಉಳಿದದ್ದಕ್ಕ ಮೂರು ಚೆಕ್. ತಾರೀಖು ನಿಮಗ ಯಾವಾಗ ಅನುಕೂಲ ಅನ್ನೋದನ್ನ ನೀವ ಹೇಳ್ರಿ. ಚೆಕ್ ಹಾಕೋಕಿಂತ ಎರಡು ದಿನ ಮೊದಲು ನಾನ ಫೋನ್ ಮಾಡ್ತೀನಿ. ಅಷ್ಟರಾಗ ನೀವು ರೊಕ್ಕ ಕಳಿಸಿದ್ರ ಚೆಕ್ ಹಾಕಂಗಿಲ್ಲ, ನಿಮಗ ವಾಪಸ್ ಕೊಡ್ತೀನಿ."

ಇದರಲ್ಲಿ ಮೂರು ಮಾತು ಕೆಲಸ ಮಾಡುತ್ತವೆ. "ಎಲ್ಲಾರಿಗೂ ಒಂದ ಪದ್ಧತಿ" ಅಂದಾಗ, ನಿಮ್ಮ ಮೇಲೆ ಮಾತ್ರ ಅನುಮಾನ ಅಲ್ಲ ಅಂತ ಆಗುತ್ತದೆ. ಆದರೆ ಇದು ನಿಜವೂ ಆಗಿರಬೇಕು. ಮುಂದಿನ ತಿಂಗಳು ಸವಣೂರಿನಿಂದ ಇನ್ನೊಬ್ಬ ಹೊಸ ಗಿರಾಕಿ ಬಂದಾಗ ಚೆಕ್ ಇಲ್ಲದೆ ಮಾಲು ಕೊಟ್ಟರೆ, ಆ ಸುದ್ದಿ ಶಿಗ್ಗಾವಿಗೆ ಮುಟ್ಟಲು ಒಂದು ವಾರವೂ ಬೇಡ. ಇಬ್ಬರೂ ಒಂದೇ ಟ್ರಾನ್ಸ್‌ಪೋರ್ಟಿನಲ್ಲಿ ಮಾಲು ತರಿಸುವವರು, ಅಲ್ವಾ? "ತಾರೀಖು ನೀವ ಹೇಳ್ರಿ" ಅಂದಾಗ ಹಿಡಿತ ಅವರ ಕೈಯಲ್ಲೂ ಇದೆ ಅನಿಸುತ್ತದೆ. "ಎರಡು ದಿನ ಮೊದಲು ಫೋನ್" ಅನ್ನುವುದು ನೀವು ಕೊಡುವ ಮಾತು. ಅದನ್ನು ಕೊನೇ ಚೆಕ್‌ವರೆಗೂ ತಪ್ಪದೆ ನಡೆಸಬೇಕು.

ಹೇಳಬಾರದ ಮಾತೂ ಒಂದಿದೆ. ಅದು "ಸುಮ್ನೆ ಇರಲಿ ಅಂತ ತಗೋತೀವಿ, ಹಾಕೋದೇ ಇಲ್ಲ." ಸಂಕೋಚಕ್ಕೆ ಬಹಳ ಜನ ಹೀಗೆ ಹೇಳಿಬಿಡುತ್ತಾರೆ. ಆಮೇಲೆ ತಾರೀಖಿಗೆ ಚೆಕ್ ಹಾಕಿದರೆ ಗಿರಾಕಿ "ಹಾಕೋದಿಲ್ಲ ಅಂದಿದ್ರಲ್ಲ" ಅಂತ ಜಗಳಕ್ಕೆ ಬರುತ್ತಾರೆ. ಕೋರ್ಟಿಗೆ ಹೋದರೂ ಅದೇ ಮಾತು ಅವರ ಕಡೆಯ ವಾದ ಆಗುತ್ತದೆ. ತಾರೀಖಿಗೆ ಹಾಕುವ ಚೆಕ್ ಅಂತ ಮೊದಲೇ ಸ್ಪಷ್ಟವಾಗಿ ಹೇಳಿ. ಮೃದುವಾಗಿ ಹೇಳಿ, ಆದರೆ ಸುತ್ತಿ ಬಳಸಿ ಬೇಡ.

ಪರಿಚಯ ಮಾಡಿಸಿದ ಹಳೇ ಗಿರಾಕಿಯನ್ನು ಈ ಮಾತಿನ ನಡುವೆ ತರಬೇಡಿ. "ಅವರು ಹೇಳಿದ್ದಕ್ಕೆ ಕೊಡ್ತಾ ಇದ್ದೀವಿ" ಅಂದರೆ ನಾಳೆ ಬಾಕಿ ಉಳಿದಾಗ ನೀವು ಆ ಹಳಬರಿಗೂ ಫೋನ್ ಮಾಡಬೇಕಾಗುತ್ತದೆ. ಒಂದು ಬಾಕಿಗೆ ಎರಡು ಸಂಬಂಧ ಕೆಡುತ್ತವೆ.

ಬರಹದಲ್ಲಿ

ಮಾತಾದ ದಿನವೇ ಸಂಜೆ ವಾಟ್ಸಾಪ್‌ನಲ್ಲಿ ಒಂದು ಸಣ್ಣ ಸಂದೇಶ ಕಳಿಸಿ. ಅಂಗಡಿಯ ಲೆಟರ್‌ಹೆಡ್ ಮೇಲೆ ಬರೆದು ಫೋಟೋ ಕಳಿಸಿದರೆ ಇನ್ನೂ ಚಂದ. ನಾನು ಬರೆಯುವುದಾದರೆ ಹೀಗೆ:

"ನಮಸ್ಕಾರ ಸರ್. ಇವತ್ತು ಅಂಗಡಿಗೆ ಬಂದು ಮಾತಾಡಿದ್ದು ಸಂತೋಷ. ಮಾತಾದ ಹಾಗೆ ಒಟ್ಟು ₹3,00,000ರ ಮಾಲು. ಮುಂಗಡ ₹60,000. ಉಳಿದ ₹2,40,000ಕ್ಕೆ ಮೂರು ಚೆಕ್: ಅಕ್ಟೋಬರ್ 15ಕ್ಕೆ ₹50,000, ಅಕ್ಟೋಬರ್ 30ಕ್ಕೆ ₹70,000, ನವೆಂಬರ್ 14ಕ್ಕೆ ₹1,20,000. ಚೆಕ್ ನಿಮ್ಮ ಅಂಗಡಿಯ ಖಾತೆಯದ್ದಿರಲಿ. ತಾರೀಖಿಗೆ ಮುಂಚೆ ನಾವು ಹಾಕುವುದಿಲ್ಲ. ಹಾಕುವ ಎರಡು ದಿನ ಮೊದಲು ಫೋನ್ ಮಾಡುತ್ತೇವೆ. ಅದಕ್ಕೂ ಮೊದಲು ನೀವು ಹಣ ಕಳಿಸಿದರೆ ಆ ಚೆಕ್ ವಾಪಸ್ ಕೊಡುತ್ತೇವೆ. ಸೆಪ್ಟೆಂಬರ್ 15ಕ್ಕೆ ಮಾಲು ಕಳಿಸಲು ಸಿದ್ಧವಿದ್ದೇವೆ. ಚೆಕ್ ಆ ದಿನವೇ ನಮ್ಮ ಹುಡುಗನ ಕೈಗೆ ಕೊಟ್ಟರೆ ಸಾಕು. ಏನಾದರೂ ಬದಲಾವಣೆ ಬೇಕಿದ್ದರೆ ಈಗಲೇ ತಿಳಿಸಿ."

ಅವರು "ಓಕೆ ಸರ್" ಅಂತ ಉತ್ತರ ಹಾಕಿದರೆ ಆ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಿ. ಇದರಲ್ಲಿ ಕಾನೂನಿನ ಬೆದರಿಕೆ ಒಂದು ಸಾಲೂ ಇಲ್ಲ ನೋಡಿ. "ಚೆಕ್ ಬೌನ್ಸ್ ಆದರೆ ಕ್ರಮ ಕೈಗೊಳ್ಳಲಾಗುವುದು" ಅಂತ ಮೊದಲ ಪತ್ರದಲ್ಲೇ ಅಚ್ಚು ಹಾಕಿಸುವವರಿದ್ದಾರೆ. ಅದರಿಂದ ನಿಮಗೆ ಹೊಸ ಹಕ್ಕೇನೂ ಬರುವುದಿಲ್ಲ. ಕಾನೂನು ಅದಿಲ್ಲದೆಯೂ ನಿಮ್ಮ ಜೊತೆ ಇರುತ್ತದೆ. ಮನಸ್ಸು ಮಾತ್ರ ಕೆಡುತ್ತದೆ.

ಯಾಕೆ ಮೂರು ಚೆಕ್, ಯಾಕೆ ಆ ತಾರೀಖು

ಅರವತ್ತನೇ ದಿನಕ್ಕೆ ಒಂದೇ ದೊಡ್ಡ ಚೆಕ್ ತಗೊಂಡರೆ, ಅಲ್ಲಿಯವರೆಗೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ದಿನ ಪೂರ್ತಿ ಹಣ ಸಿಕ್ಕಿಹಾಕಿಕೊಂಡಿರುತ್ತದೆ. ಸಣ್ಣ ಮೊದಲ ಚೆಕ್ ಮೂವತ್ತನೇ ದಿನಕ್ಕಿದ್ದರೆ, ಗಿರಾಕಿ ಹೇಗೆ ಅನ್ನುವುದು ಅಕ್ಟೋಬರ್ 15ಕ್ಕೇ ತಿಳಿಯುತ್ತದೆ. ಅದು ಪಾಸಾದರೆ ಮಧ್ಯದಲ್ಲಿ ಅವರು ಇನ್ನೊಂದು ಸಣ್ಣ ಆರ್ಡರ್ ಕೇಳಿದರೂ ಧೈರ್ಯವಾಗಿ ಕೊಡಬಹುದು. ಪಾಸಾಗದಿದ್ದರೆ ಮುಂದಿನ ಮಾಲು ನಿಲ್ಲಿಸಬಹುದು.

ಮೂರೂ ಚೆಕ್ ಒಂದೇ ಮೊತ್ತಕ್ಕೆ ಇರಲಿ ಅಂತ ಹಟ ಬೇಡ. ಶಿಗ್ಗಾವಿ ಕಡೆಯ ಅಂಗಡಿಗೆ ದುಡ್ಡು ಯಾವಾಗ ಬರುತ್ತದೆ ಅಂತ ಯೋಚಿಸಿ. ಹಿಂಗಾರಿಗೆ ಅಂತ ರೈತರು ಮೋಟರ್, ಕೇಬಲ್ ಒಯ್ಯುತ್ತಾರೆ, ಅವರೂ ಉದ್ರಿಯಲ್ಲೇ ಒಯ್ಯುತ್ತಾರೆ. ಗೋವಿನಜೋಳ ಒಕ್ಕಿ, ಒಣಗಿಸಿ, ಮಾರಿ ದುಡ್ಡು ಕೈಗೆ ಬರುವ ಹೊತ್ತಿಗೆ ಅಕ್ಟೋಬರ್ ಕೊನೆ, ನವೆಂಬರ್ ಆಗುತ್ತದೆ. ಅಕ್ಟೋಬರ್ ಮಧ್ಯಕ್ಕೆ ಲಕ್ಷದ ಚೆಕ್ ಬರೆಸಿಕೊಂಡರೆ ನೀವೇ ಕೈಯಾರೆ ಬೌನ್ಸ್ ತಯಾರಿ ಮಾಡಿದ ಹಾಗೆ. ಅದಕ್ಕೇ ಮೇಲೆ ₹50,000, ₹70,000, ₹1,20,000 ಅಂತ ಏರಿಸುತ್ತಾ ಹೋಗಿದ್ದೇನೆ. ಕೊನೇ ಚೆಕ್ ಕೂಡ ಅರವತ್ತು ದಿನದೊಳಗೇ ಬರುತ್ತದೆ, ಹಾಗಾಗಿ ನಿಮ್ಮ ಷರತ್ತು ಬದಲಾಗಲಿಲ್ಲ. ನಿಮ್ಮ ಗಿರಾಕಿ ಬ್ಯಾಡಗಿ ಕಡೆಯವರಾಗಿದ್ದರೆ ಲೆಕ್ಕ ಬೇರೆ, ಅಲ್ಲಿ ಮೆಣಸಿನಕಾಯಿ ದುಡ್ಡು ಓಡಾಡುವುದು ಜನವರಿಯಿಂದಾಚೆ.

ತಾರೀಖು ಹಾಕಿಸುವಾಗ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕ್ ಇರುವುದಿಲ್ಲ. ಅವರ ಊರಿನ ಸಂತೆ ಯಾವ ದಿನ ಅಂತ ಕೇಳಿ. ಸಂತೆಯ ಮರುದಿನ ಅಂಗಡಿಯವರು ಕ್ಯಾಶ್ ಕಟ್ಟುತ್ತಾರೆ, ಅದರ ಮರುದಿನದ ತಾರೀಖು ಚೆಕ್ಕಿಗೆ ಒಳ್ಳೆಯದು. ನಮ್ಮ ಕಡೆ ಕೆಲವರು ಮಂಗಳವಾರ, ಶುಕ್ರವಾರ ದುಡ್ಡು ಹೊರಗೆ ಕೊಡುವುದಿಲ್ಲ. ದೀಪಾವಳಿ ಲಕ್ಷ್ಮಿ ಪೂಜೆ ದಿನವಂತೂ ಕೇಳಲೇಬಾರದು. ಇದನ್ನೆಲ್ಲ ನೀವು ನಂಬಬೇಕಿಲ್ಲ, ಅವರನ್ನು ಒಂದು ಮಾತು ಕೇಳಿದರೆ ಸಾಕು. "ಶುಕ್ರವಾರ ಬ್ಯಾಡ ಅಂದ್ರ ಸೋಮವಾರ ಹಾಕ್ರಿ" ಅನ್ನುವ ಒಂದು ಮಾತಿಗೆ ಸಿಗುವ ಗೌರವ ಹತ್ತು "ದಯವಿಟ್ಟು"ಗಳಿಗೆ ಸಿಗುವುದಿಲ್ಲ.

ಚೆಕ್ ಕೈಗೆ ಬಂದಾಗ ನೋಡಬೇಕಾದ್ದು

ತಾರೀಖು, ಹೆಸರು, ಮೊತ್ತ ಎಲ್ಲವನ್ನೂ ಅವರೇ ತಮ್ಮ ಕೈಯಾರೆ ತುಂಬಲಿ. ನಿಮ್ಮ ಅಂಗಡಿಯ ಹೆಸರು ಬ್ಯಾಂಕ್ ಖಾತೆಯಲ್ಲಿ ಇದ್ದ ಹಾಗೆಯೇ ಇರಬೇಕು. ಎಡ ಮೂಲೆಯಲ್ಲಿ ಎರಡು ಗೆರೆ ಎಳೆದು ಅಕೌಂಟ್ ಪೇಯೀ ಅಂತ ಬರೆಸಿ. ತಿದ್ದಿದ್ದು, ಮೇಲೆ ಮೇಲೆ ಬರೆದದ್ದು ಇದ್ದರೆ ತಗೋಬೇಡಿ. ಈಗ ಚೆಕ್ಕಿನ ಚಿತ್ರವೇ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವುದರಿಂದ ತಿದ್ದಿದ ಚೆಕ್ ವಾಪಸ್ ಬರುತ್ತದೆ. ಆಗ ಹೊಸ ಚೆಕ್ ಕೇಳಲು ಮತ್ತೆ ಶಿಗ್ಗಾವಿಗೆ ಓಡಬೇಕು.

ಖಾಲಿ ಚೆಕ್ ಬಗ್ಗೆ. "ಸಹಿ ಮಾಡಿ ಕೊಡ್ತೀನಿ, ನೀವ ತುಂಬಿಕೊಳ್ರಿ" ಅಂತ ಗಿರಾಕಿಯೇ ಹೇಳುತ್ತಾರೆ, ಎಷ್ಟೋ ವ್ಯಾಪಾರಿಗಳು ಖುಷಿಯಿಂದ ತಗೋತಾರೆ ಕೂಡ. ಸಹಿ ಮಾಡಿದ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದ್ದರೂ, ಸಾಲಕ್ಕಾಗಿಯೇ ಕೊಟ್ಟದ್ದು ಅಂತ ಕಾನೂನು ಮೊದಲಿಗೆ ಊಹಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆದರೂ ನಾನು ಬೇಡ ಅನ್ನುತ್ತೇನೆ. ಎಷ್ಟು ತುಂಬಿದ್ದು ಸರಿ ಅನ್ನುವ ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಆ ಊಹೆಯನ್ನು ಸುಳ್ಳು ಮಾಡಿ ತೋರಿಸುವ ಅವಕಾಶ ಅವರಿಗೂ ಇದೆ. ಇನ್ನೂ ಒಂದು ಮಾತು, ಮೊದಲ ಭೇಟಿಯಲ್ಲೇ ಕೇಳದೆ ಖಾಲಿ ಚೆಕ್ ಚಾಚುವ ಗಿರಾಕಿಯ ಬಗ್ಗೆ ನನಗೆ ಸ್ವಲ್ಪ ಅನುಮಾನವೇ. ಕೊಡುವ ಮನಸ್ಸಿದ್ದವರು ತಾರೀಖು, ಮೊತ್ತದ ಬಗ್ಗೆ ಚೌಕಾಸಿ ಮಾಡುತ್ತಾರೆ.

ಚೆಕ್ ಯಾರ ಖಾತೆಯದ್ದು ಅನ್ನುವುದು ಮುಖ್ಯ. ಅಂಗಡಿ ತಮ್ಮನ ಹೆಸರಿನಲ್ಲಿ, ಚೆಕ್ ಅಣ್ಣನ ಉಳಿತಾಯ ಖಾತೆಯದ್ದು, ಇಂಥದ್ದು ಸಾಮಾನ್ಯ. ಬೌನ್ಸ್ ಆದರೆ ಕೇಸು ನಿಲ್ಲುವುದು ಚೆಕ್ ಬರೆದವರ ಮೇಲೆ. ಅಣ್ಣ "ನನಗೂ ಆ ವ್ಯಾಪಾರಕ್ಕೂ ಸಂಬಂಧ ಇಲ್ಲ" ಅಂತಾರೆ, ತಮ್ಮ "ನಾನು ಚೆಕ್ಕೇ ಕೊಟ್ಟಿಲ್ಲ" ಅಂತಾರೆ. ಅವರ ಜಿಎಸ್‌ಟಿ ನಂಬರ್ ಕೇಳಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಮಾಲೀಕರ ಹೆಸರು, ಅಂಗಡಿ ಹೆಸರು, ನೋಂದಣಿ ತಾರೀಖು, ರಿಟರ್ನ್ ತುಂಬುತ್ತಿದ್ದಾರೋ ಇಲ್ಲವೋ ಅಂತ ಕಾಣುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಡ. ಚೆಕ್ ಮೇಲಿನ ಹೆಸರು ಅದಕ್ಕೆ ಹೊಂದಬೇಕು. ವರ್ಷಕ್ಕೆ 40 ಲಕ್ಷದೊಳಗೆ ಮಾಲಿನ ವ್ಯಾಪಾರ ಇರುವ ಅಂಗಡಿಗೆ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ನೋಂದಣಿ ಕಡ್ಡಾಯ ಅಲ್ಲ. ನಂಬರ್ ಇಲ್ಲ ಅಂದ ಮಾತ್ರಕ್ಕೆ ಕೆಟ್ಟವರಲ್ಲ. ಆದರೆ ನಂಬರ್ ಇಲ್ಲದ ಅಂಗಡಿ ಮೂರು ಲಕ್ಷದ ಮಾಲು ಒಂದೇ ಸಾರಿ ಕೇಳಿದರೆ ಇನ್ನೊಂದೆರಡು ಪ್ರಶ್ನೆ ಕೇಳಿ.

ಚೆಕ್ ತಗೊಂಡ ತಕ್ಷಣ ಅದರ ಪಾವತಿ ಚೀಟಿ ಕೊಡಿ. ಚೆಕ್ ನಂಬರ್, ಬ್ಯಾಂಕ್, ತಾರೀಖು, ಮೊತ್ತ, ಯಾವ ಬಿಲ್ಲಿಗೆ, ಇಷ್ಟು ಬರೆದು ಇಬ್ಬರೂ ಸಹಿ ಹಾಕಿ. ಒಂದು ಪ್ರತಿ ಅವರಿಗೆ, ಒಂದು ನಿಮಗೆ. ಇದು ಅವರ ಭಯಕ್ಕೆ ಮದ್ದು, ನಿಮಗೆ ದಾಖಲೆ. ಈ ಚೆಕ್‌ಗಳು ಇಂಥ ಬಿಲ್ಲಿನ ಹಣಕ್ಕೆ ಅಂತ ಸ್ಪಷ್ಟವಾಗಿ ಬರೆಯಿರಿ. "ಸೆಕ್ಯೂರಿಟಿಗೆ" ಅಂತ ಬರೆಯಬೇಡಿ. ಸೆಕ್ಯೂರಿಟಿ ಅಂದ ಮಾತ್ರಕ್ಕೆ ಕೇಸು ಬಿದ್ದುಹೋಗುವುದಿಲ್ಲ ನಿಜ. ಆದರೆ ಸುಮ್ನೆ ಒಂದು ವಾದಕ್ಕೆ ಜಾಗ ಯಾಕೆ ಕೊಡಬೇಕು?

ಜಾಸ್ತಿ ಎಡವಟ್ಟಾಗುವುದು ಎಲ್ಲಿ

ಎಲ್ಲಕ್ಕಿಂತ ಹೆಚ್ಚು ಜಗಳ ಬರುವುದು ಅರ್ಧ ಹಣ ಬಂದಾಗ. ನಿಮ್ಮ ಲೆಕ್ಕವನ್ನೇ ನೋಡೋಣ. ಮೊದಲ ಎರಡು ಚೆಕ್ ಪಾಸಾದವು. ನವೆಂಬರ್ 5ಕ್ಕೆ ಅವರು ಫೋನ್‌ಪೇಯಲ್ಲಿ ₹40,000 ಕಳಿಸಿದರು. ನಿಮ್ಮ ಹತ್ತಿರ ನವೆಂಬರ್ 14ರ ₹1,20,000 ಚೆಕ್ ಇದೆ, ಬಾಕಿ ಇರುವುದು ₹80,000 ಮಾತ್ರ. ಕೆಲವರು "ಹಾಕಿಬಿಡೋಣ, ಜಾಸ್ತಿ ಬಂದದ್ದನ್ನ ಮುಂದಿನ ಬಿಲ್ಲಿಗೆ ಹಿಡಿಯೋಣ" ಅಂತ ಹಾಕಿಬಿಡುತ್ತಾರೆ. ಅದು ಅಮರ್ಯಾದೆ ಅಷ್ಟೇ ಅಲ್ಲ, ಅಪಾಯ ಕೂಡ. ಚೆಕ್ ಹಾಕುವ ದಿನ ನಿಜವಾದ ಬಾಕಿಗಿಂತ ಜಾಸ್ತಿ ಮೊತ್ತ ಇದ್ದು, ಬಂದ ಹಣವನ್ನು ಚೆಕ್ ಮೇಲೆ ನಮೂದಿಸಿರದಿದ್ದರೆ, ಬೌನ್ಸ್ ಆದರೂ ಚೆಕ್ ಬೌನ್ಸ್‌ಗೆ ಶಿಕ್ಷೆ ಹೇಳುವ ಕಲಂ 138ರ ಕೇಸು ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪು ಕೊಟ್ಟಿದೆ. ನಮೂದಿಸಿ ಹಾಕಲು ಕಾನೂನಿನಲ್ಲಿ ದಾರಿ ಇದೆ. ನಮ್ಮ ಬ್ಯಾಂಕ್ ಕೌಂಟರ್‌ನಲ್ಲಿ ಅದನ್ನು ವಿವರಿಸುತ್ತಾ ನಿಲ್ಲುವ ಬದಲು, ಹಳೇ ಚೆಕ್ ವಾಪಸ್ ಕೊಟ್ಟು ₹80,000ದ ಹೊಸ ಚೆಕ್ ತಗೊಳ್ಳುವುದು ಸುಲಭ.

ವಾಪಸ್ ಬಂದ ಮಾಲಿಗೂ ಇದೇ ಲೆಕ್ಕ. ಎರಡು ಸ್ಟಾರ್ಟರ್ ಕೆಟ್ಟಿವೆ ಅಂತ ಕಳಿಸಿದರು, ನೀವು ಕ್ರೆಡಿಟ್ ನೋಟ್ ಕೊಟ್ಟಿರಿ. ಬಾಕಿ ಕಡಿಮೆಯಾಯಿತು, ಚೆಕ್ ಮಾತ್ರ ಹಾಗೇ ಇದೆ. ಅದನ್ನೂ ಬದಲಾಯಿಸಿ. ಇಂಥ ಹೊಂದಾಣಿಕೆಗೆಲ್ಲ ಕೊನೇ ಚೆಕ್ಕನ್ನೇ ಮೀಸಲಿಡಿ, ಮೊದಲೆರಡನ್ನು ಮುಟ್ಟಬೇಡಿ.

ಮಾಲು ಹೋಗುವ ಮುಂಚೆ ಚೆಕ್ ತಗೊಂಡು ಮಾಲನ್ನೇ ಕಳಿಸದಿದ್ದರೆ? ಆಗ ಸಾಲವೇ ಇಲ್ಲ, ಆ ಚೆಕ್ಕಿಗೆ ಕಲಂ 138 ಅನ್ವಯಿಸುವುದಿಲ್ಲ. ಆದ್ದರಿಂದ ಸ್ವಲ್ಪ ಮಾಲು ಮಾತ್ರ ಹೋದರೆ ಅಷ್ಟಕ್ಕೇ ಚೆಕ್ ತಗೊಳ್ಳಿ. ಮಾಲು ಮುಟ್ಟಿದ್ದಕ್ಕೆ ಸಹಿ ಇರುವ ಚಲನ್ ಜೋಪಾನವಾಗಿಡಿ.

ತಾರೀಖು ಹತ್ತಿರ ಬಂದಾಗ ಗಿರಾಕಿ "ಹತ್ತು ದಿನ ತಡೀರಿ" ಅಂತಾರೆ. ತಡೆಯಬಹುದು. ಚೆಕ್ ಮೇಲಿನ ತಾರೀಖಿನಿಂದ ಮೂರು ತಿಂಗಳು ಅದು ಚಾಲ್ತಿಯಲ್ಲಿರುತ್ತದೆ, 2012ರ ಏಪ್ರಿಲ್‌ನಿಂದ ಇದೇ ನಿಯಮ. ತಾರೀಖು ತಿದ್ದಿಸಬೇಡಿ, ಹಾಗೇ ಇಟ್ಟುಕೊಂಡು ಹತ್ತು ದಿನ ಬಿಟ್ಟು ಹಾಕಿ. ಆದರೆ ಹೊಸ ತಾರೀಖನ್ನು ಅವರಿಂದಲೇ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಎರಡನೇ ಸಾರಿ ಮುಂದೆ ಹಾಕಿದರೆ ಹೊಸ ಮಾಲು ಬಂದ್ ಮಾಡಿ. ಅದಕ್ಕೆ ಸಿಟ್ಟು ಬೇಕಿಲ್ಲ, "ಹಿಂದಿನದು ಮುಗೀಲಿ, ಆಮೇಲೆ ನೋಡೋಣ್ರಿ" ಅಂದರೆ ಅವರಿಗೂ ಅರ್ಥವಾಗುತ್ತದೆ.

ಫೋನ್ ಮಾಡುವಾಗ ಒಂದು ಹೊಸ ಸಂಗತಿ ನೆನಪಿಸಿ. 2025ರ ಅಕ್ಟೋಬರ್ 4ರಿಂದ ಚೆಕ್ ಕ್ಲಿಯರಿಂಗ್ ದಿನವಿಡೀ ನಡೆಯುತ್ತದೆ. ಬೆಳಿಗ್ಗೆ ಹಾಕಿದ ಚೆಕ್ ಅದೇ ದಿನ ತೀರ್ಮಾನವಾಗುತ್ತದೆ. "ಇವತ್ತು ಹಾಕಿದ್ರ ನಾಳೆ ಹೋಗ್ತೈತಿ, ಸಂಜಿಕ ಕಟ್ಟಿದ್ರ ನಡೀತದ" ಅನ್ನುವ ಹಳೇ ರೂಢಿ ಈಗ ನಡೆಯುವುದಿಲ್ಲ. ಖಾತೆಯಲ್ಲಿ ಹಣ ಹಿಂದಿನ ದಿನವೇ ಇರಲಿ ಅಂತ ಹೇಳಿ. ಇಲ್ಲವಾದರೆ ಮನಸ್ಸಿದ್ದವರ ಚೆಕ್ಕೂ ಬೌನ್ಸ್ ಆಗುತ್ತದೆ, ಬ್ಯಾಂಕ್ ಚಾರ್ಜು ಇಬ್ಬರಿಗೂ ಬೀಳುತ್ತದೆ. ಮುಂದೆ ಐದು ಲಕ್ಷ ದಾಟಿದ ಚೆಕ್ ತಗೊಳ್ಳುವ ದಿನ ಬಂದರೆ, ಕೆಲವು ಬ್ಯಾಂಕ್‌ಗಳು ಪಾಸಿಟಿವ್ ಪೇಯಲ್ಲಿ ಚೆಕ್ಕಿನ ವಿವರ ಮೊದಲೇ ಕೊಟ್ಟಿರಬೇಕು ಅನ್ನುತ್ತವೆ. ಅದನ್ನು ಮಾಡಬೇಕಾದ್ದು ಚೆಕ್ ಬರೆದವರು. ಮೊತ್ತ ಒಡೆದು ಬರೆಸಿದರೆ ಆ ರಗಳೆ ಇಲ್ಲ.

ಬೌನ್ಸ್ ಆದರೆ

ಮೊದಲು ಫೋನ್ ಮಾಡಿ, ಕಾರಣ ಕೇಳಿ. ಚೆಕ್ ಇನ್ನೂ ಚಾಲ್ತಿಯಲ್ಲಿದ್ದರೆ ಮತ್ತೆ ಹಾಕಬಹುದು. ಆದರೆ ಮಾತಿನಲ್ಲೇ ದಿನ ಕಳೆದು ಲೆಕ್ಕ ತಪ್ಪಬೇಡಿ. ಬ್ಯಾಂಕಿನ ವಾಪಸ್ ಚೀಟಿ ಕೈಗೆ ಬಂದ 30 ದಿನದೊಳಗೆ ಬರಹದಲ್ಲಿ ನೋಟಿಸ್ ಹೋಗಬೇಕು. ಅದು ಮುಟ್ಟಿದ 15 ದಿನದೊಳಗೆ ಅವರು ಹಣ ಕೊಡಬೇಕು. ಕೊಡದಿದ್ದರೆ ಆ ಮೇಲಿನ ಒಂದು ತಿಂಗಳಲ್ಲಿ ದೂರು ಹಾಕಬೇಕು. ನಿಮ್ಮ ಖಾತೆ ಹುಬ್ಬಳ್ಳಿ ಶಾಖೆಯಲ್ಲಿದ್ದು ಚೆಕ್ ಆ ಖಾತೆಗೆ ಹಾಕಿದ್ದರೆ ಕೇಸು ಹುಬ್ಬಳ್ಳಿಯಲ್ಲೇ ನಡೆಯುತ್ತದೆ, ಶಿಗ್ಗಾವಿಗೆ ಹೋಗಬೇಕಿಲ್ಲ. ನೋಟಿಸ್ ಹಂತಕ್ಕೆ ಬಂದರೆ ವಕೀಲರ ಹತ್ತಿರ ಹೋಗಿ, ಮೊತ್ತ, ತಾರೀಖು ಒಂದಕ್ಷರವೂ ತಪ್ಪಬಾರದು. ಒಂದು ಮಾತು ಮಾತ್ರ ಗಟ್ಟಿ ಮಾಡಿಕೊಳ್ಳಿ. ಚೆಕ್ ಇದ್ದ ಮಾತ್ರಕ್ಕೆ ದುಡ್ಡು ಬರುವುದಿಲ್ಲ, ಕೇಸು ಹಾಕಿದರೂ ವರ್ಷಗಳು ಹಿಡಿಯಬಹುದು. ಹೋದರೆ ತಡೆದುಕೊಳ್ಳಬಹುದಾದಷ್ಟೇ ಉದ್ರಿ ಕೊಡಿ.

ಅವರು ಒಪ್ಪದಿದ್ದರೆ

"ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?" ಅಂದರೆ ಸಮಜಾಯಿಷಿ ಕೊಡುತ್ತಾ ಕೂರಬೇಡಿ. "ನಂಬಿಕಿ ಐತಿ ಅಂತ ಉದ್ರಿ ಮಾತಾಡಾಕತ್ತೀವ್ರಿ, ಇಲ್ಲಂದ್ರ ರೊಕ್ಕ ಕೊಟ್ಟು ಒಯ್ರಿ ಅಂತಿದ್ದೆ. ಇದು ಹೊಸ ಖಾತೆಗೆ ಮಾತ್ರ" ಅನ್ನಿ, ನಗುತ್ತಲೇ ಅನ್ನಿ. "ಬೇರೆ ಹೋಲ್‌ಸೇಲ್‌ನವರು ಕೇಳೂದಿಲ್ಲ" ಅಂದರೆ ಅದು ನಿಜ ಇರಬಹುದು, ಅಲ್ಲಿ ಅವರ ಖಾತೆ ಹಳೇದಿರಬಹುದು. ಬೇರೆಯವರ ಬಗ್ಗೆ ಏನೂ ಹೇಳಬೇಡಿ. "ಚೆಕ್ ಬುಕ್ ಇಲ್ಲ" ಅಂದರೆ ಅರ್ಜಿ ಹಾಕಲಿ, ಬರುವವರೆಗೆ ಕ್ಯಾಶಿಗೆ ಬೇಕಾದಷ್ಟು ಮಾಲು ಒಯ್ಯಲಿ. ಅಂಗಡಿ ನಡೆಸುವವರಿಗೆ ಚಾಲ್ತಿ ಖಾತೆಯೇ ಇಲ್ಲ ಅಂದರೆ ಮಾತ್ರ ಮೂರು ಲಕ್ಷದ ಉದ್ರಿ ಬಗ್ಗೆ ಮತ್ತೆ ಯೋಚಿಸಬೇಕಾಗುತ್ತದೆ.

ಕೊನೆಗೂ ಚೆಕ್ ಬೇಡವೇ ಬೇಡ ಅಂದರೆ ಬಾಗಿಲು ಮುಚ್ಚಬೇಡಿ. ಎಪ್ಪತ್ತೈದು ಸಾವಿರದ ಮಾಲು, ಅರ್ಧ ನಗದು, ಉಳಿದದ್ದು ಹದಿನೈದು ದಿನ, ಹೀಗೆ ಸಣ್ಣದಾಗಿ ಶುರು ಮಾಡಿ. ಎರಡು ಮೂರು ಸಾರಿ ಸರಿಯಾಗಿ ಕೊಟ್ಟರೆ ಆಮೇಲೆ ದೊಡ್ಡ ಮಾತು ಆಡಬಹುದು. ಬ್ಯಾಂಕಿನಿಂದ ತಾನಾಗಿ ಹಣ ಕಡಿತ ಆಗುವ ನ್ಯಾಚ್ ಒಪ್ಪಿಗೆ ಅಂತ ಒಂದು ದಾರಿ ಇದೆ, ಆದರೆ ಇಂಥ ಸಣ್ಣ, ಬದಲಾಗುವ ಮೊತ್ತಕ್ಕೆ ಅದರ ಕಾಗದ ಪತ್ರ ಜಾಸ್ತಿಯಾಯಿತು.

ಮೂರೂ ಚೆಕ್ ತಾರೀಖಿಗೆ ಪಾಸಾದರೆ ಎರಡನೇ ಆರ್ಡರ್‌ಗೆ ಷರತ್ತು ಸಡಿಲ ಮಾಡಿ. ಮುಂಗಡ ತೆಗೆದುಹಾಕಿ, ಇಲ್ಲವೇ ಮೂರರ ಬದಲು ಎರಡು ಚೆಕ್ ಸಾಕು ಅನ್ನಿ. ಇದನ್ನು ನೀವೇ ಮೊದಲು ಹೇಳಬೇಕು, ಅವರು ಕೇಳಲಿ ಅಂತ ಕಾಯಬೇಡಿ. ಹಣ ಬಂದು ಉಳಿದುಹೋದ ಚೆಕ್ ಏನಾದರೂ ನಿಮ್ಮ ಡ್ರಾಯರ್‌ನಲ್ಲಿದ್ದರೆ, ಮುಂದಿನ ಮಾಲು ಕಳಿಸುವ ದಿನವೇ ಅದರ ಮೇಲೆ ಅಡ್ಡ ಗೆರೆ ಎಳೆದು, ಫೋಟೋ ತಗೊಂಡು, ಡ್ರೈವರ್ ಕೈಯಲ್ಲಿ ಕವರ್‌ನಲ್ಲಿಟ್ಟು ಕಳಿಸಿ. ಪಾವತಿ ಚೀಟಿಯ ನಿಮ್ಮ ಪ್ರತಿಯಲ್ಲಿ ಆ ಚೆಕ್ ನಂಬರ್ ಮುಂದೆ "ವಾಪಸ್ ಕೊಟ್ಟಿದೆ" ಅಂತ ತಾರೀಖು ಹಾಕಿ ಬರೆದಿಡಿ.